ಗ್ರಾಪ್ಪ: ದ್ರಾಕ್ಷಿ ಹಿಂಡಿಯಿಂದ ಇಳಿದದ್ದು, ಬ್ರಾಂದಿಯ ತಮ್ಮನಲ್ಲ

ಕೆಲವು ವರ್ಷಗಳ ಹಿಂದೆ ಗೆಳೆಯನೊಬ್ಬ ಇಟಲಿಯಿಂದ ಬರುವಾಗ ಒಂದು ಸಣಕಲು ಬಾಟಲಿ ತಂದಿದ್ದ. ಒಳಗೆ ನೀರಿನಷ್ಟು ತಿಳಿಯಾದ ದ್ರವ. "ಇದೂ ದ್ರಾಕ್ಷಿಯದ್ದೇ, ಬ್ರಾಂದಿ ಥರ" ಅಂದ. ಬ್ರಾಂದಿ ಅಂದಮೇಲೆ ಇನ್ನೇನು, ಹೊಟ್ಟೆ ದಪ್ಪಗಿರುವ ಗ್ಲಾಸು ಹುಡುಕಿ, ಸುರಿದು, ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಮೂಗಿಗೆ ಹಿಡಿದೆ. ಕಣ್ಣಲ್ಲಿ ನೀರು ಬಂತು. ಘಾಟು ಬಿಟ್ಟರೆ ಏನೂ ಗೊತ್ತಾಗಲಿಲ್ಲ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಚಿಕ್ಕ ಗ್ಲಾಸಿನಲ್ಲಿ ರುಚಿ ನೋಡಿದಾಗ ಅದೇ ಬಾಟಲಿಯಿಂದ ಹೂವು, ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆಯ ಪರಿಮಳ ಬಂತು. ತಪ್ಪು ಬಾಟಲಿಯದ್ದಲ್ಲ, "ಬ್ರಾಂದಿ ಥರ" ಅನ್ನುವ ಮಾತಿನದ್ದು.

ಗ್ರಾಪ್ಪ ಅಂದರೆ ಬಣ್ಣ ಬರದ ಬ್ರಾಂದಿ ಅಂತ ತುಂಬಾ ಜನ ತಿಳಿದಿದ್ದಾರೆ. ಮರದ ಪೀಪಾಯಿಯಲ್ಲಿ ಇಟ್ಟರೆ ಬ್ರಾಂದಿ, ಇಡದಿದ್ದರೆ ಗ್ರಾಪ್ಪ ಅನ್ನೋ ಲೆಕ್ಕ. ಅದು ಸರಿಯಲ್ಲ. ಪೆರು ದೇಶದ ಪಿಸ್ಕೊ ಕೂಡ ನೀರಿನಂತೆ ತಿಳಿಯಾಗಿದೆ, ಅದನ್ನೂ ಮರದಲ್ಲಿ ಇಡುವುದಿಲ್ಲ. ಆದರೆ ಅದು ವೈನನ್ನು ಬಟ್ಟಿ ಇಳಿಸಿ ಮಾಡಿದ್ದು, ಹಾಗಾಗಿ ಬ್ರಾಂದಿಯ ಕುಲಕ್ಕೇ ಸೇರಿದ್ದು. ಇನ್ನೊಂದು ಕಡೆ ಎರಡು ಮೂರು ವರ್ಷ ಓಕ್ ಪೀಪಾಯಿಯಲ್ಲಿ ಕೂತು ಹೊಂಬಣ್ಣಕ್ಕೆ ತಿರುಗಿದ ಗ್ರಾಪ್ಪಗಳೂ ಇವೆ. ಅವು ಗ್ರಾಪ್ಪಗಳೇ. ಬಣ್ಣ ನೋಡಿ ಕುಲ ಹೇಳೋಕಾಗಲ್ಲ. ಬಟ್ಟಿ ಪಾತ್ರೆಗೆ ಏನು ಹಾಕಿದರು ಅನ್ನುವುದೇ ಮುಖ್ಯ.

ಬ್ರಾಂದಿಗೆ ಹಾಕುವುದು ವೈನ್, ಅಂದರೆ ದ್ರವ. ಗ್ರಾಪ್ಪಕ್ಕೆ ಹಾಕುವುದು ಹಿಂಡಿ.

ಹಿಂಡಿ ಅಂದರೆ ನಮಗೆ ನೆನಪಾಗುವುದು ಗಾಣದಲ್ಲಿ ಎಣ್ಣೆ ತೆಗೆದಮೇಲೆ ಉಳಿಯುವ ಕಡಲೆಕಾಯಿ ಹಿಂಡಿ, ಹಸುವಿನ ಬಾಯಿಗೆ ಹೋಗುವಂಥದ್ದು. ದ್ರಾಕ್ಷಿಯನ್ನು ಹಿಂಡಿ ರಸ ಅಥವಾ ವೈನ್ ತೆಗೆದಮೇಲೂ ಅಂಥದ್ದೇ ಒಂದು ರಾಶಿ ಉಳಿಯುತ್ತದೆ: ಸಿಪ್ಪೆ, ಬೀಜ, ಒಂದಿಷ್ಟು ತಿರುಳು, ಕೆಲವೊಮ್ಮೆ ಗೊಂಚಲಿನ ಕಡ್ಡಿಗಳು. ಇಟಲಿಯವರು ಇದಕ್ಕೆ ವಿನಾಚ್ಚ ಅನ್ನುತ್ತಾರೆ. ಜಮೀನು ಧಣಿಯದ್ದು, ದುಡಿಮೆ ಒಕ್ಕಲಿನದ್ದು ಆಗಿದ್ದ ಕಾಲದಲ್ಲಿ ವೈನ್ ಧಣಿಯ ನೆಲಮಾಳಿಗೆಗೆ ಹೋದರೆ ಹಿಂಡಿ ಒಕ್ಕಲಿನವರ ಪಾಲಿಗೆ ಬರುತ್ತಿತ್ತು. ಚಳಿಗಾಲಕ್ಕೆ ಮೈ ಬೆಚ್ಚಗಾಗುವ ಏನಾದರೊಂದು ಅದರಿಂದಲೇ ಇಳಿಯಬೇಕಿತ್ತು. ಗ್ರಾಪ್ಪ ಅನ್ನುವ ಹೆಸರೂ ಗೊಂಚಲಿನ ಕಡ್ಡಿಗೆ ಅಲ್ಲಿನ ಆಡುಮಾತಿನಲ್ಲಿರುವ ಪದದಿಂದ ಬಂದದ್ದು. ವೆನೆಟೊ ಪ್ರಾಂತ್ಯದ ಬಸ್ಸಾನೊ ದೆಲ್ ಗ್ರಾಪ್ಪ ಊರಿನಿಂದ ಈ ಹೆಸರು ಬಂತು ಅಂತ ಹೇಳುವವರಿದ್ದಾರೆ. ಆ ಊರಿನ ಹಳೇ ಮರದ ಸೇತುವೆಯ ಪಕ್ಕದಲ್ಲಿ ನಾರ್ದಿನಿ ಮನೆತನ 1779ರಿಂದ ಗ್ರಾಪ್ಪ ಮಾರುತ್ತಿರುವುದು ನಿಜ, ಹೆಸರಿನ ಕಥೆ ಮಾತ್ರ ಕಾಕತಾಳೀಯ.

ಇದೇ ಹಿಂಡಿಯಿಂದ ಫ್ರಾನ್ಸಿನವರು ಮಾರ್ಕ್, ಸ್ಪೇನಿನವರು ಒರುಹೊ, ಗ್ರೀಸಿನವರು ಸಿಪೌರೊ, ಜಾರ್ಜಿಯಾದವರು ಚಾಚಾ ಮಾಡುತ್ತಾರೆ. ಎಲ್ಲದರ ಹಿಂದಿರುವ ಕೆಲಸ ಹೆಚ್ಚುಕಮ್ಮಿ ಒಂದೇ. ನಾನು ಗ್ರಾಪ್ಪವನ್ನೇ ಹಿಡಿದುಕೊಂಡು ಹೋಗುತ್ತೇನೆ.

ಹಿಂಡಿಯಲ್ಲೂ ಎರಡು ಜಾತಿ. ಕೆಂಪು ವೈನ್ ಮಾಡುವಾಗ ರಸವನ್ನು ಸಿಪ್ಪೆಯ ಜೊತೆಗೇ ಹುದುಗಲು ಬಿಡುತ್ತಾರೆ, ಬಣ್ಣ ಇರುವುದು ಸಿಪ್ಪೆಯಲ್ಲಿ ತಾನೆ. ಆಮೇಲೆ ಹಿಂಡಿದಾಗ ಸಿಗುವ ಹಿಂಡಿ ವೈನಿನಲ್ಲಿ ನೆನೆದಿರುತ್ತದೆ, ಅದರಲ್ಲಿ ಆಗಲೇ ಆಲ್ಕೋಹಾಲ್ ಇರುತ್ತದೆ. ನೇರ ಬಟ್ಟಿಗೆ ಹಾಕಬಹುದು. ಬಿಳಿ ವೈನಿನಲ್ಲಿ ಹಾಗಲ್ಲ. ಹಣ್ಣು ಬಂದ ಕೂಡಲೇ ಹಿಂಡಿ ಸಿಪ್ಪೆಯನ್ನು ಬೇರೆ ಮಾಡಿ, ಬರೀ ರಸವನ್ನು ಹುದುಗಿಸುತ್ತಾರೆ. ಈ ಹಿಂಡಿಯಲ್ಲಿ ಸಕ್ಕರೆ ಇದೆ, ಆಲ್ಕೋಹಾಲ್ ಇಲ್ಲ. ಇದನ್ನು ಕನ್ಯೆ ಹಿಂಡಿ ಅನ್ನುತ್ತಾರೆ. ಬಟ್ಟಿಯವರು ಇದನ್ನು ತಂದು ತಾವೇ ಹುದುಗಿಸಿಕೊಳ್ಳಬೇಕು. ಗ್ರಾಪ್ಪ ಕೆಡುವುದು ಹೆಚ್ಚಾಗಿ ಇಲ್ಲೇ.

ಯೋಚಿಸಿ ನೋಡಿ. ಒದ್ದೆ ಸಿಪ್ಪೆಯ ರಾಶಿ, ಒಳಗೆಲ್ಲ ಗಾಳಿ, ಸಕ್ಕರೆ, ಸೆಪ್ಟೆಂಬರ್ ತಿಂಗಳ ಬಿಸಿಲು. ಎರಡು ದಿನ ಸುಮ್ನೆ ಬಿಟ್ಟರೆ ಮೇಲೆ ಬೂಷ್ಟು, ಒಳಗೆ ಹುಳಿ. ಗಾಳಿ ಸಿಕ್ಕ ಬ್ಯಾಕ್ಟೀರಿಯಾ ಆಲ್ಕೋಹಾಲನ್ನು ವಿನೆಗರ್ ಮಾಡುತ್ತದೆ. ವಿನೆಗರಿನ ಆಮ್ಲ ಆಲ್ಕೋಹಾಲಿನ ಜೊತೆ ಸೇರಿ ಈಥೈಲ್ ಅಸಿಟೇಟ್ ಆಗುತ್ತದೆ, ಅಂದರೆ ಉಗುರಿನ ಬಣ್ಣದ ಬಾಟಲಿ ತೆರೆದಾಗ ಬರುವ ವಾಸನೆ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಬಿದ್ದರೆ ಹಳಸಿದ ಬೆಣ್ಣೆಯ ನಾತ. ಮತ್ತೊಂದು ಬಗೆಯದ್ದು ಅಕ್ರೋಲೀನ್ ಎಂಬ ವಸ್ತುವಿಗೆ ದಾರಿ ಮಾಡುತ್ತದೆ. ಸುಟ್ಟ ಎಣ್ಣೆಯ ಹೊಗೆಯ ಹಾಗೆ ಅದು ಕಣ್ಣನ್ನೇ ಉರಿಸುತ್ತದೆ. ಬಟ್ಟಿ ಇಳಿಸಿದರೆ ಇವೆಲ್ಲ ಹೋಗಿಬಿಡುತ್ತವೆ ಅಂದುಕೊಳ್ಳಬೇಡಿ. ಬಟ್ಟಿ ಅಂದರೆ ಗಟ್ಟಿ ಮಾಡುವ ಕೆಲಸ, ಒಳ್ಳೆಯದರ ಜೊತೆ ಕೆಟ್ಟದ್ದೂ ಗಟ್ಟಿಯಾಗುತ್ತದೆ.

ಅದಕ್ಕೇ ಒಳ್ಳೆಯ ಬಟ್ಟಿಯವರು ಹಿಂಡಿಯನ್ನು ಹಿಂಡಿದ ದಿನವೇ ತರಿಸಿಕೊಳ್ಳುತ್ತಾರೆ. ಗಾಳಿ ಆಡದ ತೊಟ್ಟಿಯಲ್ಲೋ ದಪ್ಪ ಪ್ಲಾಸ್ಟಿಕ್ ಹಾಳೆಯ ಉದ್ದನೆಯ ಕೊಳವೆಯಲ್ಲೋ ಒತ್ತಿ ಒತ್ತಿ ತುಂಬಿ, ಬ್ಯಾಕ್ಟೀರಿಯಾ ಬೆಳೆಯದಂತೆ ಸ್ವಲ್ಪ ಆಮ್ಲ ಸೇರಿಸಿ, ಯೀಸ್ಟ್ ಹಾಕಿ ಮುಚ್ಚುತ್ತಾರೆ. ಆದಷ್ಟು ಬೇಗ ಬಟ್ಟಿಗೆ ಏರಿಸುತ್ತಾರೆ. ಸುಗ್ಗಿಯ ಆ ಕೆಲವು ವಾರ ಹಗಲು ರಾತ್ರಿ ಒಲೆ ಆರುವುದಿಲ್ಲ. ವೈನನ್ನು ತೊಟ್ಟಿಯಲ್ಲಿಟ್ಟು ಕೆಲ ತಿಂಗಳು ಕಾಯಬಹುದು, ಬ್ರಾಂದಿಗೆ ಹೆಸರಾದ ಫ್ರಾನ್ಸಿನ ಕೊನ್ಯಾಕ್ ಪ್ರದೇಶದಲ್ಲಿ ಬಟ್ಟಿ ಇಳಿಸಲು ಮುಂದಿನ ಮಾರ್ಚ್ 31ರ ವರೆಗೂ ಸಮಯವಿದೆ. ಹಿಂಡಿಗೆ ಅಷ್ಟು ತಾಳ್ಮೆ ಇಲ್ಲ.

ಈಗ ಒಲೆಯ ಹತ್ತಿರ ಬರೋಣ. ವೈನನ್ನು ತಾಮ್ರದ ಹಂಡೆಗೆ ಸುರಿದು ಕೆಳಗೆ ಬೆಂಕಿ ಹಚ್ಚಿದರೆ ಸಾಕು, ಕುದಿಯುತ್ತದೆ. ಹಿಂಡಿಯನ್ನು ಹಾಗೆ ಮಾಡಿದರೆ ತಳ ಹಿಡಿಯುತ್ತದೆ. ನೀರು ಕಡಿಮೆ ಹಾಕಿದ ಪಾಯಸದ ಗತಿ. ಸೀದ ವಾಸನೆ ಒಮ್ಮೆ ಆವಿಯ ಜೊತೆ ಹೋದರೆ ಅದನ್ನು ಯಾರೂ ತೆಗೆಯಲಾರರು. ಹಳೇ ಕಾಲದ ನಾಟಿ ಗ್ರಾಪ್ಪಕ್ಕೆ ಒರಟು ಅನ್ನುವ ಕೆಟ್ಟ ಹೆಸರು ಬಂದದ್ದರಲ್ಲಿ ಈ ಸೀದ ತಳದ ಪಾಲೂ ಇದೆ.

ಪರಿಹಾರ ನಮ್ಮ ಅಡುಗೆಮನೆಯಲ್ಲಿ ದಿನಾ ನಡೆಯುವಂಥದ್ದೇ. ಇಡ್ಲಿ ಪಾತ್ರೆ. ತೂತಿರುವ ತಟ್ಟೆಗಳ ಮೇಲೆ ಹಿಂಡಿಯನ್ನು ಹರಡಿ, ಹಂಡೆಯ ಕೆಳಗಿನಿಂದ ನೀರಿನ ಹಬೆ ಬಿಡುತ್ತಾರೆ. ಹಬೆ ಹಿಂಡಿಯ ನಡುವೆ ನುಗ್ಗಿ ಮೇಲೇರುವಾಗ ಆಲ್ಕೋಹಾಲನ್ನೂ ಪರಿಮಳವನ್ನೂ ಎತ್ತಿಕೊಂಡು ಹೋಗುತ್ತದೆ. ಹೀಗೆ ಬಂದ ಆವಿಯಲ್ಲಿ ನೀರೇ ಜಾಸ್ತಿ. ಅದನ್ನು ತಾಮ್ರದ ಉದ್ದನೆಯ ಕಂಬದ ಮೂಲಕ ಹಾಯಿಸಿ ಗಟ್ಟಿ ಮಾಡುತ್ತಾರೆ. ಯುರೋಪಿನ ಕಾನೂನಿನ ಪ್ರಕಾರ ಶೇ. 86 ಆಲ್ಕೋಹಾಲ್ ಮುಟ್ಟುವ ಹಾಗಿಲ್ಲ. ಅದಕ್ಕಿಂತ ಮೇಲೆ ಹೋದರೆ ಹಣ್ಣಿನ ಗುರುತೇ ಅಳಿಸಿ ಬರೀ ಸ್ಪಿರಿಟ್ ಉಳಿಯುತ್ತದೆ. ಆಮೇಲೆ ನೀರು ಬೆರೆಸಿ 40ರ ಆಸುಪಾಸಿಗೆ ಇಳಿಸುತ್ತಾರೆ. ಶೇ. 37.5ಕ್ಕಿಂತ ಕೆಳಗೆ ಇಳಿಸಬಾರದು.

ಹೀಗೆ ಒಂದೊಂದೇ ಹಂಡೆ ತುಂಬಿ, ಖಾಲಿ ಮಾಡಿ, ಮತ್ತೆ ತುಂಬುವುದು ಕುಶಲಕರ್ಮಿಗಳ ದಾರಿ. ದೊಡ್ಡ ಕಾರ್ಖಾನೆಗಳಲ್ಲಿ ಹಿಂಡಿ ಒಂದು ಕಡೆಯಿಂದ ಒಳಗೆ ಹೋಗುತ್ತಲೇ ಇರುತ್ತದೆ, ಇನ್ನೊಂದು ಕಡೆಯಿಂದ ಹೊರಗೆ ಬೀಳುತ್ತಲೇ ಇರುತ್ತದೆ. ಅಗ್ಗದ ಗ್ರಾಪ್ಪ ಸಾಮಾನ್ಯವಾಗಿ ಬರುವುದು ಅಲ್ಲಿಂದ.

ಹಂಡೆಯಿಂದ ಇಳಿಯುವ ಧಾರೆಯನ್ನು ಮೂರು ಭಾಗ ಮಾಡುತ್ತಾರೆ: ತಲೆ, ಹೃದಯ, ಬಾಲ. ಮೊದಲು ಬರುವ ತಲೆಯಲ್ಲಿ ಉಗುರಿನ ಬಣ್ಣದ ಆ ವಾಸನೆ, ಮೂಗು ಚುಚ್ಚುವ ವಸ್ತುಗಳು. ನಡುವಿನ ಹೃದಯವನ್ನಷ್ಟೇ ಇಟ್ಟುಕೊಳ್ಳುವುದು. ಕೊನೆಯ ಬಾಲದಲ್ಲಿ ಜಿಡ್ಡು ಬರುತ್ತದೆ, ಬೇಯಿಸಿದ ತರಕಾರಿಯ, ಒದ್ದೆ ನಾಯಿಯ ವಾಸನೆ ಬರುತ್ತದೆ. ಆ ಜಿಡ್ಡಿನಂಶ ಹೃದಯದಲ್ಲೂ ಸ್ವಲ್ಪ ಸೇರಿಯೇ ಇರುತ್ತದೆ. ನೀರು ಬೆರೆಸಿ ತಣ್ಣಗೆ ಮಾಡಿದಾಗ ಅದು ಮಂಜು ಕಟ್ಟಿದ ಹಾಗೆ ಕಾಣುತ್ತದೆ. ಅದಕ್ಕೇ ಬಾಟಲಿಗೆ ಹಾಕುವ ಮುಂಚೆ ಶೂನ್ಯಕ್ಕಿಂತ ಎಷ್ಟೋ ಕೆಳಗೆ ತಣಿಸಿ ಸೋಸುತ್ತಾರೆ. ಜಾಸ್ತಿ ಸೋಸಿದರೆ ಪರಿಮಳವೂ ಹೋಗುತ್ತದೆ, ಅದೊಂದು ತಲೆನೋವು.

ಇಷ್ಟೆಲ್ಲ ಮಾಡಿ ಸಿಗುವುದೆಷ್ಟು? 100 ಕೆ.ಜಿ. ಕೆಂಪು ದ್ರಾಕ್ಷಿ ಇದೆ ಅಂದುಕೊಳ್ಳಿ. ಅದರಿಂದ ಸುಮಾರು 70 ಲೀಟರ್ ವೈನ್ ಬಂತು, 20 ಕೆ.ಜಿ. ಹಿಂಡಿ ಉಳಿಯಿತು. ಹಿಂಡಿಯ ಅರ್ಧ ತೂಕ ಅದು ಹೀರಿಕೊಂಡ ವೈನ್, ಅಂದರೆ ಹತ್ತು ಲೀಟರಿನಷ್ಟು. ವೈನಿನಲ್ಲಿ ಶೇ. 12 ಆಲ್ಕೋಹಾಲ್ ಇದ್ದರೆ ಹಿಂಡಿಯಲ್ಲಿರುವುದು 1.2 ಲೀಟರ್. ತಲೆ ಬಾಲ ಕತ್ತರಿಸಿ, ಹಿಂಡಿಯಲ್ಲೇ ಉಳಿದದ್ದನ್ನು ಕಳೆದರೆ ಒಂದು ಲೀಟರ್ ಕೈಗೆ ಬಂದರೆ ಪುಣ್ಯ. ನೀರು ಬೆರೆಸಿದ ಮೇಲೆ ಎರಡೂವರೆ ಲೀಟರ್ ಗ್ರಾಪ್ಪ. ಅದೇ 70 ಲೀಟರ್ ವೈನನ್ನು ಬಟ್ಟಿ ಇಳಿಸಿ ಬ್ರಾಂದಿ ಮಾಡಿದ್ದರೆ 18–20 ಲೀಟರ್ ಸಿಗುತ್ತಿತ್ತು. ಆದರೆ ಆಗ ಕುಡಿಯಲು ವೈನ್ ಉಳಿಯುತ್ತಿರಲಿಲ್ಲ. ಗ್ರಾಪ್ಪದಲ್ಲಿ ವೈನೂ ಉಳಿದು ಅದರ ಮೇಲೆ ಎರಡೂವರೆ ಲೀಟರ್ ಬಂತು. ಬಡವರ ಲೆಕ್ಕಕ್ಕೆ ಇದೇ ಸರಿ, ಅಲ್ವಾ?

ಸಿಪ್ಪೆಯ ಜೊತೆ ಇನ್ನೊಂದು ತಾಪತ್ರಯವೂ ಬರುತ್ತದೆ, ಮೆಥನಾಲ್. ಕಳ್ಳಬಟ್ಟಿ ಕುಡಿದು ಸತ್ತವರ ಸುದ್ದಿ ಓದಿ ಓದಿ ಈ ಹೆಸರು ಕೇಳಿದರೇ ನಮಗೆ ಭಯ. ಸಕ್ಕರೆ ಹುದುಗಿದಾಗ ಮೆಥನಾಲ್ ಹುಟ್ಟುವುದಿಲ್ಲ. ಜಾಮ್ ಗಟ್ಟಿಯಾಗಿ ನಿಲ್ಲುವಂತೆ ಮಾಡುವ ಪೆಕ್ಟಿನ್ ಇದೆಯಲ್ಲ, ಅದು ಹಣ್ಣಿನ ಸಿಪ್ಪೆಯಲ್ಲಿ ಜಾಸ್ತಿ. ಹಣ್ಣಿನಲ್ಲೇ ಇರುವ ಕಿಣ್ವವೊಂದು ಅದನ್ನು ಒಡೆದಾಗ ಮೆಥನಾಲ್ ಬಿಡುಗಡೆಯಾಗುತ್ತದೆ. ಬರೀ ರಸದಿಂದ ಮಾಡಿದ ವೈನಿಗಿಂತ ಸಿಪ್ಪೆಯ ರಾಶಿಯಲ್ಲಿ ಅದು ಹೆಚ್ಚಿರುವುದು ಸಹಜ. ಹಿಂಡಿ ತುಂಬಾ ದಿನ ಕೂತಷ್ಟೂ ಇನ್ನೂ ಹೆಚ್ಚುತ್ತದೆ. ಹಾಗಾಗಿ ಯುರೋಪಿನ ಕಾನೂನು 100 ಲೀಟರ್ ಶುದ್ಧ ಆಲ್ಕೋಹಾಲಿಗೆ ವೈನಿನ ಸ್ಪಿರಿಟ್ಟಿನಲ್ಲಿ 200 ಗ್ರಾಂ ಮೆಥನಾಲ್ ಬಿಟ್ಟರೆ, ಹಿಂಡಿಯ ಸ್ಪಿರಿಟ್ಟಿನಲ್ಲಿ 1000 ಗ್ರಾಂ ವರೆಗೆ ಬಿಡುತ್ತದೆ.

ಐದು ಪಟ್ಟು! ಗಾಬರಿಯಾಗುವ ಮೊದಲು ಗ್ಲಾಸಿನ ಮಟ್ಟಕ್ಕೆ ಇಳಿಸಿ ನೋಡಿ. ಶೇ. 40ರ ಗ್ರಾಪ್ಪದಲ್ಲಿ ಈ ಗರಿಷ್ಠ ಮಿತಿಯಷ್ಟೇ ಇದ್ದರೂ ಲೀಟರಿಗೆ 4 ಗ್ರಾಂ. 30 ಮಿ.ಲೀ. ಗ್ಲಾಸಿನಲ್ಲಿ 0.12 ಗ್ರಾಂ. ಕಣ್ಣು ಹೋಗುವ ಅಪಾಯದ ಮಾತು ಬರುವುದು ಸುಮಾರು 10 ಮಿ.ಲೀ. ಶುದ್ಧ ಮೆಥನಾಲಿನ ಹತ್ತಿರ, ಅಂದರೆ 8 ಗ್ರಾಂ. ಮೆಥನಾಲಿಗೆ ಮೊದಲು ಗ್ರಾಪ್ಪದ ಆಲ್ಕೋಹಾಲೇ ಆಳನ್ನು ಮಲಗಿಸಿರುತ್ತದೆ. ಕಳ್ಳಬಟ್ಟಿಯಲ್ಲಿ ಜನರನ್ನು ಕೊಲ್ಲುವುದು ಸಿಪ್ಪೆಯಿಂದ ಬಂದ ಮೆಥನಾಲ್ ಅಲ್ಲ, ಕಾರ್ಖಾನೆಯ ಮೆಥನಾಲನ್ನು ಯಾರೋ ಅದಕ್ಕೆ ಸುರಿದಿರುತ್ತಾರೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. "ಮೊದಲು ಇಳಿಯುವ ತಲೆಯನ್ನು ಚೆಲ್ಲಿದರೆ ಮೆಥನಾಲ್ ಹೋಯಿತು" ಅಂತ ಎಲ್ಲೆಡೆ ಬರೆದಿರುತ್ತಾರೆ. ಮೆಥನಾಲ್ ಕುದಿಯುವುದು 64.7 ಡಿಗ್ರಿಯಲ್ಲಿ, ನಮ್ಮ ಆಲ್ಕೋಹಾಲ್ 78ರಲ್ಲಿ, ಹಾಗಾಗಿ ಕೇಳಲು ಸರಿ ಅನಿಸುತ್ತದೆ. ಆದರೆ ನೀರಿನ ಜೊತೆ ಬೆರೆತಾಗ ಮೆಥನಾಲ್ ಅಷ್ಟು ಸುಲಭಕ್ಕೆ ನೀರನ್ನು ಬಿಡುವುದಿಲ್ಲ, ಧಾರೆಯ ಮೊದಲಿನಿಂದ ಕೊನೆಯ ತನಕ ಸ್ವಲ್ಪ ಸ್ವಲ್ಪ ಬರುತ್ತಲೇ ಇರುತ್ತದೆ. ತಲೆ ಕತ್ತರಿಸುವುದು ರುಚಿಗಾಗಿ. ಮೆಥನಾಲ್ ಕಡಿಮೆ ಮಾಡಲು ಇಟಲಿಯ ಬಟ್ಟಿಗಳಲ್ಲಿ ಬೇರೆಯದೇ ಒಂದು ಕಂಬ ಇರುತ್ತದೆ. ಮನೆಯಲ್ಲಿ ಪ್ರಯೋಗ ಮಾಡುವ ಉತ್ಸಾಹಿಗಳು ಇದನ್ನು ನೆನಪಿಟ್ಟುಕೊಳ್ಳಬೇಕು. ನಮ್ಮ ದೇಶದಲ್ಲಿ ಮನೆಬಟ್ಟಿ ಅಪರಾಧ ಅನ್ನುವುದು ಬೇರೆ ಮಾತು.

ಬ್ರಾಂದಿಯ ಕಡೆಗೆ ತಿರುಗುವ ಮೊದಲು ಒಂದು ಎಚ್ಚರಿಕೆ. ನೆಗಡಿಯಾದರೆ ಅಜ್ಜಿ ಒಂದು ಚಮಚ ಕೊಡುತ್ತಿದ್ದ ನಮ್ಮೂರ ಬ್ರಾಂದಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡಿ. ಅದರಲ್ಲಿ ಬಹುಪಾಲು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಬಂದ ಸ್ಪಿರಿಟ್. ದ್ರಾಕ್ಷಿಯ ಪಾಲು ಹೆಸರಿಗಷ್ಟೇ. ನಾನು ಹೇಳುತ್ತಿರುವುದು ಕೊನ್ಯಾಕಿನಂಥ ಬ್ರಾಂದಿಯನ್ನು.

ಫ್ರಾನ್ಸಿನ ಕೊನ್ಯಾಕಿನಲ್ಲಿ ಊನಿ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿಯಿಂದ ಒಂದು ವೈನ್ ಮಾಡುತ್ತಾರೆ. ಹುಳಿ ಜಾಸ್ತಿ, ಆಲ್ಕೋಹಾಲ್ ಸುಮಾರು ಶೇ. 9, ಪರಿಮಳ ಅಷ್ಟಕ್ಕಷ್ಟೇ. ಕುಡಿಯಲು ಯಾರೂ ಇಷ್ಟಪಡದ ವೈನ್. ಬೇಕೆಂದೇ ಹಾಗೆ ಮಾಡುವುದು. ಹುಳಿ ಇದ್ದರೆ ವೈನ್ ಕೆಡುವುದಿಲ್ಲ, ಆಲ್ಕೋಹಾಲ್ ಕಡಿಮೆ ಇದ್ದರೆ ಬಟ್ಟಿ ಇಳಿಸುವಾಗ ಇರುವ ಪರಿಮಳ ಹೆಚ್ಚು ಗಟ್ಟಿಯಾಗುತ್ತದೆ. ತಾಮ್ರದ ಹಂಡೆಯಲ್ಲಿ ಎರಡು ಸಲ ಇಳಿಸುತ್ತಾರೆ. ಮೊದಲ ಸಲ ಶೇ. 30ರ ಸುತ್ತಮುತ್ತ, ಎರಡನೇ ಸಲ 70ರ ಹತ್ತಿರ. ಈಗ ಕೈಯಲ್ಲಿರುವುದು ತಿಳಿಯಾದ, ಖಾರವಾದ ಸ್ಪಿರಿಟ್. ಅದನ್ನು ಓಕ್ ಪೀಪಾಯಿಗೆ ತುಂಬಿ ನೆಲಮಾಳಿಗೆಗೆ ಇಳಿಸುತ್ತಾರೆ. ಕಡಿಮೆಯೆಂದರೆ ಎರಡು ವರ್ಷ, ಬಾಟಲಿಯ ಮೇಲೆ ಎಕ್ಸ್ಒ ಎಂಬ ಹಳೇ ಬ್ರಾಂದಿಯ ದರ್ಜೆ ಬರೆಯಬೇಕಾದರೆ 2018ರಿಂದೀಚೆಗಿನ ನಿಯಮದಂತೆ ಹತ್ತು ವರ್ಷ.

ಅಲ್ಲಿ ಕೆಲಸ ಮಾಡುವುದು ಮರ. ಪೀಪಾಯಿ ಬಾಗಿಸಲು ಹಲಗೆಗಳನ್ನು ಬೆಂಕಿಗೆ ಹಿಡಿದಿರುತ್ತಾರಲ್ಲ, ಆಗ ಮರದೊಳಗಿನ ಲಿಗ್ನಿನ್ ಒಡೆದು ವೆನಿಲ್ಲಾದ ಪರಿಮಳ ಹುಟ್ಟಿರುತ್ತದೆ. ಸ್ಪಿರಿಟ್ ಅದನ್ನು ನಿಧಾನಕ್ಕೆ ಹೀರಿಕೊಳ್ಳುತ್ತದೆ. ಜೊತೆಗೆ ಒಗರು, ಬಣ್ಣ, ತೆಂಗಿನ ಹೋಲಿಕೆಯ ಒಂದು ವಾಸನೆ. ಹಲಗೆಯ ಮೂಲಕ ಸೂಕ್ಷ್ಮವಾಗಿ ಗಾಳಿ ಒಳಗೆ ಬಂದು ಖಾರ ಮುರಿಯುತ್ತದೆ. ಒಳಗಿನದ್ದು ಹೊರಗೂ ಹೋಗುತ್ತದೆ, ವರ್ಷಕ್ಕೆ ಶೇ. 2ರಷ್ಟು. ಇದನ್ನು ದೇವತೆಗಳ ಪಾಲು ಅನ್ನುತ್ತಾರೆ. ಆ ಆವಿಯನ್ನೇ ಉಂಡು ಬೆಳೆಯುವ ಒಂದು ಶಿಲೀಂಧ್ರವಿದೆ, ಕೊನ್ಯಾಕ್ ಊರಿನ ಉಗ್ರಾಣಗಳ ಗೋಡೆ, ಹೆಂಚು ಅದರಿಂದಲೇ ಕಪ್ಪಾಗಿರುತ್ತವೆ.

ಗ್ರಾಪ್ಪದಲ್ಲಿ ಈ ಲೆಕ್ಕ ತಿರುಗುಮುರುಗು. ಮೊಸ್ಕಾತೊ ದ್ರಾಕ್ಷಿಯನ್ನೇ ನೋಡಿ. ಅದರ ಹೂವಿನಂಥ ಪರಿಮಳದ ಹೆಚ್ಚಿನ ಪಾಲು ಇರುವುದು ರಸದಲ್ಲಲ್ಲ, ಸಿಪ್ಪೆಯಲ್ಲಿ. ಗುಲಾಬಿ, ಲ್ಯಾವೆಂಡರಿನಲ್ಲಿರುವ ವಸ್ತುಗಳೇ ಅಲ್ಲೂ ಇವೆ. ಅಂಥ ಹಿಂಡಿಯನ್ನು ತಾಜಾ ಇರುವಾಗ ಬಟ್ಟಿ ಇಳಿಸಿದರೆ ಪರಿಮಳ ಮೊದಲ ದಿನವೇ ಪೂರ್ತಿ ಬಂದಿರುತ್ತದೆ. ಕೆಲವು ತಿಂಗಳು ಸ್ಟೀಲ್ ತೊಟ್ಟಿಯಲ್ಲಿ ಸುಧಾರಿಸಿಕೊಳ್ಳಲು ಬಿಟ್ಟರೆ ಸಾಕು. ಮರಕ್ಕೆ ಹಾಕಿದರೆ ವೆನಿಲ್ಲಾ ಸೇರುತ್ತದೆ, ಗುಲಾಬಿ ಮುಚ್ಚಿಹೋಗುತ್ತದೆ. ಇಟಲಿಯಲ್ಲಿ 12 ತಿಂಗಳು ಮರದಲ್ಲಿಟ್ಟದ್ದಕ್ಕೆ ಇನ್ವೆಕಿಯಾತ, 18 ತಿಂಗಳಾದರೆ ರಿಸೆರ್ವ ಅಂತ ಬರೆಯಬಹುದು. ಕೆಂಪು ದ್ರಾಕ್ಷಿಯ ಗಟ್ಟಿ ಗ್ರಾಪ್ಪಗಳಿಗೆ ಅದು ಒಪ್ಪುತ್ತದೆ. ಆದರೆ ಸೀದ ತಳವನ್ನೋ ಹುಳಿ ಹಿಂಡಿಯನ್ನೋ ಮರೆಮಾಚಲು ಪೀಪಾಯಿ ಬಳಸುವವರೂ ಇಲ್ಲದಿಲ್ಲ. ನನಗೆ ಕೇಳಿದರೆ, ಮೊದಲ ಸಲ ಗ್ರಾಪ್ಪ ರುಚಿ ನೋಡುವವರು ಬಣ್ಣ ಇಲ್ಲದ್ದನ್ನೇ ನೋಡಬೇಕು. ತಪ್ಪಿದ್ದರೆ ಅದರಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ.

ಈ ತಿಳಿ ಗ್ರಾಪ್ಪಕ್ಕೆ ಮರ್ಯಾದೆ ಬಂದದ್ದು ಇತ್ತೀಚೆಗೆ. ಮೊದಲೆಲ್ಲ ಬಟ್ಟಿಗೆ ಬರುತ್ತಿದ್ದುದು ಎಲ್ಲ ದ್ರಾಕ್ಷಿಯ ಕಲಸುಮೇಲೋಗರ ಹಿಂಡಿ. 1973ರಲ್ಲಿ ಫ್ರಿಉಲಿ ಪ್ರಾಂತ್ಯದ ಪೆರ್ಕೊತೊ ಎಂಬ ಊರಿನಲ್ಲಿ ಜನ್ನೋಲ ಮತ್ತು ಬೆನಿತೊ ನೊನಿನೊ ದಂಪತಿ, ಪಿಕೊಲಿತ್ ಎಂಬ ಒಂದೇ ತಳಿಯ ಹಿಂಡಿಯನ್ನು ಬೇರೆಯಾಗಿ ಬಟ್ಟಿ ಇಳಿಸಿದರು. ರೈತರು ಹಿಂಡಿಯನ್ನು ಬೇರೆ ಬೇರೆ ಇಡುವ ರೇಜಿಗೆಗೆ ಒಪ್ಪಲಿಲ್ಲ. ಕೊನೆಗೆ ಅವರ ಹೆಂಡತಿಯರಿಗೆ ಒಳ್ಳೆಯ ದುಡ್ಡು ಕೊಟ್ಟು ಆ ಕೆಲಸ ಮಾಡಿಸಿದರಂತೆ. ಈಗ ಒಂದೇ ತಳಿಯ ಗ್ರಾಪ್ಪ ಇಟಲಿಯ ತುಂಬಾ ಮಾಮೂಲು. ಬಾಟಲಿಯ ಮೇಲೆ ಮೊಸ್ಕಾತೊ, ನೆಬ್ಬಿಯೊಲೊ ಅಂತೆಲ್ಲ ತಳಿಯ ಹೆಸರು ಕಂಡರೆ ಅದು ಇಲ್ಲಿಂದ ಶುರುವಾದ ದಾರಿ.

ಇನ್ನು ನನ್ನ ಆ ಮೊದಲ ದಿನದ ಎಡವಟ್ಟು. ಕೊನ್ಯಾಕಿನ ಮರದ ಪರಿಮಳ ಭಾರವಾದದ್ದು, ಸ್ವಲ್ಪ ಬೆಚ್ಚಗಿದ್ದರೆ ಅರಳುತ್ತದೆ. ತಿಳಿ ಗ್ರಾಪ್ಪದ್ದು ಹಗುರ. ಬೆಚ್ಚಗೆ ಮಾಡಿದರೆ ಪರಿಮಳಕ್ಕಿಂತ ಮೊದಲು ಆಲ್ಕೋಹಾಲಿನ ಘಾಟು ಎದ್ದು ಬರುತ್ತದೆ. ಹತ್ತು ಡಿಗ್ರಿಯ ಆಸುಪಾಸಿನ ತಂಪಿನಲ್ಲಿ, ಟ್ಯುಲಿಪ್ ಹೂವಿನ ಆಕಾರದ ಚಿಕ್ಕ ಗ್ಲಾಸಿನಲ್ಲಿ ಕೊಡುವುದು ಅದಕ್ಕೇ. ಮರದಲ್ಲಿಟ್ಟ ಗ್ರಾಪ್ಪವಾದರೆ ಇನ್ನೂ ಸ್ವಲ್ಪ ಬೆಚ್ಚಗೆ ಇರಬಹುದು.

ಒಳ್ಳೆಯದೋ ಅಲ್ಲವೋ ನೋಡಲು ಗ್ಲಾಸೇ ಬೇಕೆಂದಿಲ್ಲ. ಬಲ್ಲವರು ಎರಡು ಹನಿಯನ್ನು ಮುಂಗೈ ಮೇಲೆ ಹಾಕಿ ಉಜ್ಜಿ, ಆಲ್ಕೋಹಾಲ್ ಆರುವ ತನಕ ಕಾದು ಮೂಸುತ್ತಾರೆ. ಒಣದ್ರಾಕ್ಷಿಯೋ ಬ್ರೆಡ್ಡಿನ ಹೊರಪದರವೋ ನೆನಪಾದರೆ ಹಿಂಡಿ ತಾಜಾ ಇತ್ತು, ಕತ್ತರಿಸುವ ಕೈಯೂ ಸರಿಯಿತ್ತು. ಚರ್ಮ ಜಿಡ್ಡಾಗಿ ಕೊಳೆ ವಾಸನೆ ಉಳಿದರೆ ಬಾಲ ಸೇರಿದೆ. ಉಗುರಿನ ಬಣ್ಣ ನೆನಪಾದರೆ ಹಿಂಡಿ ಬಿಸಿಲಿನಲ್ಲಿ ಕೂತಿತ್ತು. ಅಂಥ ಬಾಟಲಿಗೂ ಇಟಲಿಯವರ ಹತ್ತಿರ ಉಪಾಯವಿದೆ, ಎಸ್ಪ್ರೆಸೊ ಕಾಫಿಗೆ ಒಂದು ಗುಟುಕು ಸುರಿದುಬಿಡುತ್ತಾರೆ. ವೆನೆಟೊದಲ್ಲಿ ಕಾಫಿ ಕುಡಿದು ಮುಗಿದಮೇಲೆ ಖಾಲಿ ಕಪ್ಪಿಗೆ ಚೂರು ಗ್ರಾಪ್ಪ ಹಾಕಿ, ತಳದ ಸಕ್ಕರೆ ಗಸಿಯ ಜೊತೆ ಅಲುಗಾಡಿಸಿ ಕುಡಿಯುವ ರೂಢಿಯೂ ಇದೆ. ಅದಕ್ಕೆ ರೆಸೆಂತಿನ್ ಅಂತ ಹೆಸರು, ಅಂದರೆ ಕಪ್ಪು ಗಲಬರಿಸುವುದು.